ಪಡುವಣ ರೂಮಿನ ಕರ್ಟನ್ ಲೈನಿಂಗ್ ಬಗ್ಗೆ ದೂರು, ಬದಲಿಸಿ ಕೊಡಿ

ನಮಸ್ಕಾರ ಸರ್,

ಮಾರ್ಚ್‌ನಲ್ಲಿ ನಿಮ್ಮ ಅಂಗಡಿಯಿಂದ ದಾವಣಗೆರೆಯ ನಮ್ಮ ಮನೆಗೆ ಕರ್ಟನ್ ಹೊಲಿಸಿ ಹಾಕಿಸ್ಕೊಂಡಿದ್ವಿ. ಪಶ್ಚಿಮಕ್ಕೆ ಕಿಟಕಿ ಇರೋ ರೂಮು, ಅಲ್ಲಿ ನಮ್ಮತ್ತೆ ಮಲಗ್ತಾರೆ. ಅವ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಗೈತೆ, ಬೆಳಕು ಕುಕ್ಕಿದ್ರೆ ತಡ್ಕೊಳ್ಳೋಕಾಗಲ್ಲ ಅಂತ ಆವತ್ತೇ ನಿಮ್ಗೆ ಹೇಳಿದ್ದೆ. ಕಿಟಕಿ ಮೇಲೆ ಸಜ್ಜಾ ಐತೆ, ಆದ್ರೆ ನಾಲ್ಕು ಗಂಟೆ ಮೇಲೆ ಸೂರ್ಯ ಕೆಳಗಿಳಿದು ಬಿಸಿಲು ಅದರಡಿಯಿಂದ ನೇರ ಮಂಚದ ಮೇಲೆ ಬೀಳುತ್ತೆ, ಅದಕ್ಕೇ ಕರ್ಟನ್ನಿಂದಾನೇ ತಡೀಬೇಕು ಅಂದಿದ್ದು.

ನೀವು ಲಿನನ್ ತರದ ಬಟ್ಟೆ ತೋರಿಸಿ ಅದರ ಹಿಂದೆ ಬಿಳೀ ಕೋಟಿಂಗ್ ಇರೋ ಬ್ಲಾಕೌಟ್ ಲೈನಿಂಗ್ ಸೇರಿಸಿ ಹೊಲಿದುಬಿಟ್ರೆ ಕತ್ತಲೆ ಆಗುತ್ತೆ, ಮಷೀನ್‌ಗೆ ಹಾಕಿ ತೊಳೀಬಹುದು ಅಂದ್ರಿ. ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಯಾವ ಬಟ್ಟೆ ನೋಡಿದ್ರೂ ದಪ್ಪನೇ ಕಾಣುತ್ತೆ ಸರ್, ಒಂದು ಗೇಣು ಸ್ಯಾಂಪಲ್ ಮನೆಗೆ ಕೊಟ್ಟಿದ್ರೆ ಸಂಜೆ ಬಿಸಿಲಿಗೆ ಗಾಜಿಗಿಟ್ಟು ಹಿಂದೆ ಕೈ ಆಡಿಸಿ ನೆರಳು ಕಾಣುತ್ತೋ ಇಲ್ವೋ ನೋಡ್ಬಹುದಿತ್ತು.

ಈಗ ಏನಾಗೈತೆ ಕೇಳಿ. ನಮ್ಮ ಬೀದಿಗೆ ಇನ್ನೂ ಡಾಂಬರು ಆಗಿಲ್ಲ, ಒಂದು ಟ್ರ್ಯಾಕ್ಟರ್ ಹೋದ್ರೆ ಸಾಕು ಧೂಳು ಒಳಗೆ ಬರುತ್ತೆ. ಆ ಲಿನನ್ ತರದ ಬಟ್ಟೆ ಸಡಿಲ ನೇಯ್ಗೆ, ಗಂಟುಗಂಟು ನೂಲು, ಧೂಳು ಅದರೊಳಗೇ ಸಿಕ್ಕೊಳ್ಳುತ್ತೆ, ಕೊಡವಿದ್ರೂ ಉದುರಲ್ಲ, ಹಾಗಾಗಿ ತಿಂಗಳಿಗೊಂದ್ಸಲ ತೊಳೀಲೇಬೇಕು. ಮೂರನೇ ಸಲ ಮಷೀನ್‌ನಿಂದ ತೆಗ್ದಾಗ ನೀರಲ್ಲಿ ಬಿಳೀ ಪುಡಿ, ಲೈನಿಂಗ್ ಮೇಲೆ ಸುಕ್ಕಿದ್ದ ಕಡೆ ಎಲ್ಲಾ ಬಿರುಕು. ಸಂಜೆ ನೋಡಿದ್ರೆ ಆ ಬಿರುಕಿನಿಂದ ಚುಕ್ಕಿಚುಕ್ಕಿಯಾಗಿ ಬೆಳಕು ಬರ್ತೈತೆ. ಬಟ್ಟೆ ಮೇಲೆ ಬಳಿದ ಪದರ ಅದು, ಸ್ಪಿನ್‌ನಲ್ಲಿ ಹಿಂಡಿದ್ರೆ, ಬಿಸಿ ಇಸ್ತ್ರಿ ಇಟ್ರೆ ಹಾಳಾಗುತ್ತೆ, ಒದ್ದೆ ಬಟ್ಟೆಯಿಂದ ಒರೆಸಿ ಇಟ್ಕೊಳ್ಳೋ ಮಾಲು ಅಂತ ಇನ್ನೊಬ್ರು ಟೈಲರ್ ನೋಡಿ ಹೇಳಿದ್ರು. ಧೂಳಿನ ಮನೆಗೆ ಅದನ್ನ ಮುಂದಿನ ಬಟ್ಟೆ ಜೊತೆಗೇ ಸೇರಿಸಿ ಹೊಲಿದಿದ್ದೇ ತಪ್ಪು, ಯಾಕಂದ್ರೆ ಒಂದನ್ನ ಬಿಟ್ಟು ಇನ್ನೊಂದನ್ನ ತೊಳಿಯೋಕೆ ದಾರೀನೇ ಇಲ್ಲ.

ಎರಡನೇದು ಅಳತೆ. ಕಿಟಕಿ 72 ಇಂಚು ಅಗಲ, ನೀವು ರಾಡ್ ಕೂಡ ಅಷ್ಟಕ್ಕೇ ಹಾಕಿ 48 ಇಂಚಿನ ಎರಡೇ ತುಂಡು ಕೊಟ್ರಿ. ಅಂಚು ಮಡಚಿ ಹೊಲಿದ ಮೇಲೆ ಎರಡೂ ಸೇರಿ 90 ಇಂಚು ಉಳೀತು, ಎಳೆದ್ರೆ ನೆರಿಗೇನೇ ಇಲ್ಲ, ಬೋರ್ಡ್ ತರ ಚಪ್ಪಟೆ. ರಿಂಗ್ ಕರ್ಟನ್ ಗೋಡೆಯಿಂದ ದೂರ ನಿಲ್ಲೋದ್ರಿಂದ ಎರಡೂ ಪಕ್ಕದಲ್ಲಿ ಬೆಳಕಿನ ಪಟ್ಟಿ ಒಳಗೆ ಬರುತ್ತೆ, ಅದೂ ಸರಿಯಾಗಿ ಅತ್ತೆ ದಿಂಬಿನ ಕಡೆಗೆ. ಲೈನಿಂಗ್ ಎಷ್ಟು ಒಳ್ಳೇದಿದ್ರೂ ಪಕ್ಕ ಮುಚ್ಚದಿದ್ರೆ ಏನ್ ಬಂತು? ರಾಡ್ ಎರಡೂ ಕಡೆ ಆರಾರು ಇಂಚು ಜಾಸ್ತಿ ಇಟ್ಟು 84 ಮಾಡಿ, ಅದರ ಎರಡರಷ್ಟು ಬಟ್ಟೆ ಅಂದ್ರೆ ನಾಲ್ಕು ತುಂಡು ಹಾಕ್ಬೇಕಿತ್ತು. ಎರಡು ತುಂಡಿನ ದುಡ್ಡು ಉಳಿಸಿಕೊಡಿ ಅಂತ ನಾವೇನು ಕೇಳಿರ್ಲಿಲ್ಲ.

ನಂಗೆ ದುಡ್ಡು ವಾಪಸ್ ಬೇಡ. ಕೋಟಿಂಗ್ ಲೈನಿಂಗ್ ಬಿಚ್ಚಿ, ಮಧ್ಯೆ ಕಪ್ಪು ನೂಲು ಸೇರಿಸಿ ನೇಯ್ದ ಡಿಮ್‌ಔಟ್ ಬಟ್ಟೆ ಬರುತ್ತಲ್ಲ, ಅದನ್ನ ಹಾಕಿಕೊಡಿ. ಪೂರ್ತಿ ಕತ್ತಲೆ ಆಗಲ್ಲ ಅಂತ ಗೊತ್ತು, ಕಣ್ಣು ಕುಕ್ಕದಿದ್ರೆ ಸಾಕು ನಮಗೆ, ಬಳಿದ ಪದರ ಇಲ್ದೇ ಇರೋದ್ರಿಂದ ತೊಳೆದ್ರೂ ಉದುರಲ್ಲ. ಗಾಜಿನ ಕಡೆ ಮುಖ ಬಿಳಿ ಅಥವಾ ಕೆನೆ ಬಣ್ಣ ಇರ್ಲಿ, ಕಡುಬಣ್ಣ ಆದ್ರೆ ಬಿಸಿಲಿಗೆ ಅದೇ ಕಾಯುತ್ತೆ. ಲೈನಿಂಗಿಗೆ ಬೇರೆ ಟೇಪು, ಬೇರೆ ಹುಕ್ಕು ಹಾಕಿ, ಬಿಚ್ಚಿ ತೊಳೆಯೋ ಹಂಗೆ ಮಾಡಿ. ಮುಂದಿನ ಬಟ್ಟೇನೂ ಒತ್ತು ನೇಯ್ಗೆಯ ನುಣುಪಾದ ಪಾಲಿಯೆಸ್ಟರ್ ಆಗ್ಲಿ, ವೆಲ್ವೆಟ್ ಮಾತ್ರ ತೋರಿಸ್ಬೇಡಿ, ಅದೂ ಧೂಳು ಹಿಡಿದಿಟ್ಕೊಳ್ಳುತ್ತೆ. ಕಿಟಕಿ ಸಂದಿಯಿಂದ ಬರೋ ಧೂಳು ಕರ್ಟನ್ ತಡೆಯಲ್ಲ ಅಂತ ನಂಗೂ ಗೊತ್ತು, ಅದಕ್ಕೆ ಸ್ಲೈಡಿಂಗ್ ಪಟ್ಟಿಗೆ ಬ್ರಷ್ ನಾವೇ ಹಾಕಿಸ್ಕೊಂಡೀವಿ.

ಮುಂದಿನ ಬಟ್ಟೆ ಬದಲಾಯಿಸೋಕೆ, ಹೆಚ್ಚಿನ ಎರಡು ತುಂಡಿಗೆ ಆಗೋ ದುಡ್ಡು ಕೊಡ್ತೀನಿ, ಲೈನಿಂಗ್ ಮತ್ತೆ ಹೊಲಿಗೆ ಖರ್ಚು ನಿಮ್ದು. ಬಿಲ್ಲು, ಬಿರುಕು ಬಿಟ್ಟ ಲೈನಿಂಗ್ ಫೋಟೋ ಎರಡೂ ಈ ಪತ್ರದ ಜೊತೆ ಇಟ್ಟೀನಿ. ನಿಮ್ಮ ಹುಡುಗ್ರನ್ನ ಅಳತೆಗೆ ಕಳಿಸೋದಾದ್ರೆ ಬೆಳಿಗ್ಗೆ ಬೇಡ, ಸಂಜೆ ನಾಲ್ಕೂವರೆಗೆ ಕಳಿಸಿ, ಬೆಳಕು ಎಲ್ಲೆಲ್ಲಿ ನುಗ್ಗುತ್ತೆ ಅಂತ ಅವ್ರೇ ನೋಡ್ಕೊಳ್ಳಲಿ.