ತಿಂಗಳಿಗೆ ಎರಡು ಸಾವಿರ: ಎಫ್‌ಡಿಯೋ, ಆರ್‌ಡಿಯೋ?

ಪ್ರೀತಿಯ ಗೆಳೆಯ,

ಮುಂದಿನ ಜೂನ್‌ಗೆ ಮಗಳ ಸ್ಕೂಲ್ ಫೀಸಿಗೆ ತಿಂಗಳಿಗೆ 2,000 ಎತ್ತಿಡಬೇಕು, ಆದರೆ ತಿಂಗಳು ತಿಂಗಳು ಕಂತು ಕಟ್ಟುವ ಆರ್‌ಡಿಯಲ್ಲಿ ಬಡ್ಡಿ ಅರ್ಧದಷ್ಟೇ ಬರುತ್ತೆ, ಒಟ್ಟಿಗೆ ಇಡುವ ಎಫ್‌ಡಿಯೇ ವಾಸಿ ಅಲ್ವಾ ಅಂತ ಕೇಳಿದ್ದೀಯ.

ಎರಡಕ್ಕೂ ವರ್ಷಕ್ಕೆ ಶೇ. 6.5 ಬಡ್ಡಿ ಅಂತಲೇ ಇಟ್ಟುಕೊಳ್ಳೋಣ. ಇವತ್ತೇ 24,000 ಎಫ್‌ಡಿ ಮಾಡಿದರೆ ವರ್ಷದ ಕೊನೆಗೆ ಸುಮಾರು 1,600 ಬಡ್ಡಿ. ಆರ್‌ಡಿಯಲ್ಲಿ ಸುಮಾರು 850. ಆದರೆ ಆರ್‌ಡಿಯ ಮೊದಲ ಕಂತು ಮಾತ್ರ ಹನ್ನೆರಡು ತಿಂಗಳು ಬ್ಯಾಂಕಿನಲ್ಲಿರುತ್ತದೆ. ಎರಡನೆಯದು ಹನ್ನೊಂದು ತಿಂಗಳು, ಕೊನೆಯದು ಒಂದೇ ತಿಂಗಳು. ಸರಾಸರಿ ಆರೂವರೆ ತಿಂಗಳು. ದರದಲ್ಲಿ ಮೋಸವಿಲ್ಲ, ದುಡ್ಡು ಅಲ್ಲಿದ್ದದ್ದೇ ಅಷ್ಟು ದಿನ. ಅದೂ ಅಲ್ಲದೆ ನಿನ್ನ ಹತ್ತಿರ ಇವತ್ತು 24,000 ಇಲ್ಲವಲ್ಲ ಮಾರಾಯ! ಅದೇ ಹಣ ತಿಂಗಳು ತಿಂಗಳು ಎಸ್‌ಬಿ ಖಾತೆಯಲ್ಲೇ ಬಿದ್ದಿದ್ದರೆ, ಶೇ. 2.5ರ ಲೆಕ್ಕದಲ್ಲಿ 325ರ ಹತ್ತಿರ ಬರುತ್ತದೆ. ನೀನು ಹೋಲಿಸಬೇಕಾದದ್ದು ಇದರ ಜೊತೆ.

ಹಾಗಾದರೆ ಪ್ರತಿ ತಿಂಗಳೂ 2,000ದ ಒಂದೊಂದು ಎಫ್‌ಡಿ ಮಾಡಿದರೆ? ಮಾಡಬಹುದು. ನಡುವೆ ತುರ್ತು ಬಂದರೆ ಒಂದನ್ನು ಮಾತ್ರ ಮುರಿಸಿದರಾಯಿತು, ಆ ಅನುಕೂಲ ನಿಜ. ಆದರೆ ಎಲ್ಲವೂ ಜೂನ್‌ಗೇ ಕೈಗೆ ಬರಬೇಕಾದರೆ ಕೊನೆಕೊನೆಯವನ್ನು ಎರಡು ತಿಂಗಳಿಗೆ, ಒಂದು ತಿಂಗಳಿಗೆ ಇಡಬೇಕಾಗುತ್ತದೆ. ಅಷ್ಟು ಚಿಕ್ಕ ಅವಧಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಕಡಿಮೆ ದರ ಕೊಡುತ್ತವೆ. ಆರ್‌ಡಿಯಲ್ಲಿ ಹಾಗಲ್ಲ. ತೆರೆದ ದಿನದ ಒಂದು ವರ್ಷದ ದರವೇ ಎಲ್ಲ ಕಂತಿಗೂ, ಬರೀ ಒಂದು ತಿಂಗಳು ಇರುವ ಕೊನೆಯ ಕಂತಿಗೂ. ನಡುವೆ ದರ ಇಳಿದರೂ ಅದು ಬದಲಾಗುವುದಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಮತ್ತೆ ಮತ್ತೆ ಇಳಿಸಿ, ಬ್ಯಾಂಕುಗಳೂ ಠೇವಣಿ ಬಡ್ಡಿ ಇಳಿಸಿದಾಗ, ಮೊದಲೇ ಆರ್‌ಡಿ ತೆರೆದವರಿಗೆ ಹಳೆಯ ದರವೇ ಸಿಕ್ಕಿತು. ದರ ಏರಿದರೆ ಮಾತ್ರ ಆ ಲಾಭ ನಿನಗಿಲ್ಲ.

ಪೋಸ್ಟ್ ಆಫೀಸ್ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು. ನಿನ್ನ ಈ ಕೆಲಸಕ್ಕೆ ಆಗಲ್ಲ.

ಆರ್‌ಡಿಯಲ್ಲಿ ಪೆಟ್ಟು ಬೀಳುವುದು ಕಂತು ತಪ್ಪಿದಾಗ. ಕೆಲವು ಬ್ಯಾಂಕುಗಳು ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ದಂಡ ಹಾಕುತ್ತವೆ. ನಿನ್ನ ಕಂತಿಗೆ 30 ರೂಪಾಯಿ. ಆ ಕಂತು ತಿಂಗಳಿಗೆ ದುಡಿಯುವ ಬಡ್ಡಿಯೇ ಸುಮಾರು 11 ರೂಪಾಯಿ! ಸಂಬಳ ಒಂದನೇ ತಾರೀಕು ಬರುವುದಾದರೆ ಕಂತನ್ನು ಐದಕ್ಕೆ ಇಟ್ಟುಕೋ. ಸಂಬಳ ಎರಡು ದಿನ ತಡವಾದರೂ ಖಾತೆ ಖಾಲಿ ಇರುವುದಿಲ್ಲ. ಮೂರು ಸಾವಿರ ಕಟ್ಟುತ್ತೇನೆ ಅನ್ನುವ ಹುಮ್ಮಸ್ಸೂ ಬೇಡ. ತೆರೆದ ಮೇಲೆ ಸಾಮಾನ್ಯವಾಗಿ ಕಂತಿನ ಮೊತ್ತ ಇಳಿಸಲು ಬರುವುದಿಲ್ಲ.

ದೀಪಾವಳಿಗೆ ಬೋನಸ್ ಬಂದರೆ ಅದನ್ನು ಆರ್‌ಡಿಗೆ ತುರುಕಲು ಹೋಗಬೇಡ. ಜೂನ್‌ವರೆಗೆ ಬೇರೆ ಎಫ್‌ಡಿ ಮಾಡು, ಒಟ್ಟಿಗೆ ಬಂದ ಹಣಕ್ಕೆ ಅದೇ ಸರಿ. ತೆರೆಯುವಾಗ ಮೆಚ್ಯೂರಿಟಿ ತಾರೀಕು ಫೀಸಿನ ಕೊನೆಯ ದಿನಕ್ಕಿಂತ ಮುಂಚೆಯೇ ಬೀಳುತ್ತದಾ ಅಂತ ನೋಡಿಕೋ.

ನಿನ್ನ ಗೆಳೆಯ