ಹಾಡು ನಿಂತರೆ ಲೈನ್ ಹೋಗಿದೆ ಎಂದಲ್ಲ: ಮೂಡಿಗೆರೆ ಸುತ್ತಿನ ನಮ್ಮ ಇಂಟರ್ನೆಟ್ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಕಿನಿಂದ ಎರಡು ಬದಲಾವಣೆ ಮಾಡುತ್ತಿದ್ದೇವೆ. ಹಾಡು, ಸಿನಿಮಾ ಆ್ಯಪ್‌ಗಳಲ್ಲಿ ಬರುವ ‘ಬೇರೆ ಕಡೆ ಹಾಡು ಬರುತ್ತಿದೆ’, ‘ಜಾಸ್ತಿ ಜನ ನೋಡುತ್ತಿದ್ದಾರೆ’ ಎಂಬ ಮೆಸೇಜ್‌ಗೆ ಹುಡುಗರನ್ನು ನೇರವಾಗಿ ಮನೆಗೆ ಕಳಿಸುವುದಿಲ್ಲ. ಮೊದಲು ಫೋನಿನಲ್ಲಿ ಮಾತಾಡುತ್ತೇವೆ. ಆಮೇಲೂ ಬಂದು ನೋಡಿ ಎಂದರೆ ಬರುತ್ತೇವೆ, ಆದರೆ ತೊಂದರೆ ನಮ್ಮ ಲೈನಿನದಲ್ಲ ಎಂದಾದರೆ 150 ರೂಪಾಯಿ ತೆಗೆದುಕೊಳ್ಳುತ್ತೇವೆ. ತಪ್ಪು ನಮ್ಮದಾದರೆ ಒಂದು ಪೈಸೆಯೂ ಬೇಡ. ಎರಡನೆಯದು, ನಮ್ಮ ಹುಡುಗರು ಇನ್ನು ಮುಂದೆ ನಿಮ್ಮ ಟಿವಿಯಲ್ಲಿ ಈ ಆ್ಯಪ್‌ಗಳಿಗೆ ನಿಮ್ಮ ಅಕೌಂಟ್ ಹಾಕಿಕೊಡುವುದಿಲ್ಲ.

ಇದನ್ನು ಓದಿ ಕೆಲವರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ‘ಇಷ್ಟು ವರ್ಷ ಕರೆದ ತಕ್ಷಣ ಬರುತ್ತಿದ್ದಿರಿ, ಈಗೇನು ದುಡ್ಡು?’ ಎಂದು ಒಬ್ಬರು ಆಗಲೇ ಕೇಳಿಯೂ ಆಯಿತು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಕೊಟ್ಟಿಗೆಹಾರದ ಕಡೆ ನಮ್ಮದೊಂದು ಕನೆಕ್ಷನ್ ಇದೆ. ಹೋಂಸ್ಟೇ. ಮೂರು ರೂಮಿಗೆ ಮೂರು ಟಿವಿ, ಹಾಲ್‌ನಲ್ಲಿ ವೈಫೈ ಮೇಲೆ ತಾನೇ ಹಾಡುವ ಒಂದು ಸ್ಪೀಕರ್. ಯಜಮಾನರ ಹತ್ತಿರ ಒಬ್ಬರಿಗೆ ಆಗುವ ಸ್ಪಾಟಿಫೈ ಪ್ಲಾನ್ ಇತ್ತು. ಈ ಮಳೆಗಾಲದಲ್ಲಿ ಅವರಿಂದ ಮೂರು ಸಲ ಫೋನ್ ಬಂತು. ‘ನೆಟ್ ಹತ್ತತ್ತು ನಿಮಿಷಕ್ಕೆ ಕಟ್ ಆಗ್ತಿದೆ, ಗೆಸ್ಟ್‌ಗಳ ಮುಂದೆ ನನ್ನ ಮರ್ಯಾದೆ ಹೋಗ್ತಿದೆ.’ ಮೂರು ಸಲವೂ ನಮ್ಮ ಹುಡುಗ ಮಳೆಯಲ್ಲಿ ಬೈಕ್ ತೆಗೆದುಕೊಂಡು ಹೋದ. ಮೊದಲ ಸಲ ಬಾಕ್ಸ್‌ಗೆ ಸಿಕ್ಕಿಸುವ ಸಣ್ಣ ತಂತಿ, ಪ್ಯಾಚ್ ಕಾರ್ಡ್, ಬದಲಿಸಿದ. ಎರಡನೇ ಸಲ ಬಾಕ್ಸನ್ನೇ ಬದಲಿಸಿದ. ಮೂರನೇ ಸಲ ಹೊರಗಿನ ಜಾಯಿಂಟ್ ಬಿಚ್ಚಿ ಮತ್ತೆ ಸ್ಪ್ಲೈಸ್ ಮಾಡಿದ. ಕೇಬಲ್‌ನಲ್ಲಿ ಬರುವ ಸಿಗ್ನಲ್ ಅಳೆಯುವ ಮೀಟರ್ ಹಿಡಿದರೆ ಪ್ರತಿ ಸಲವೂ ಮೈನಸ್ 21 ತೋರಿಸುತ್ತಿತ್ತು. ಮೈನಸ್ 27ರ ಹತ್ತಿರ ಹೋದರೆ ಮಾತ್ರ ನಮಗೆ ಭಯ. 21 ಎಂದರೆ ಲೈನ್ ಗಟ್ಟಿಯಾಗಿದೆ.

ನಾಲ್ಕನೇ ಸಲ ನಾನೇ ಹೋದೆ. ಹಾಲ್‌ನಲ್ಲಿ ಕೂತಿದ್ದೆ, ಹಾಡು ಬರುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಬಾಕ್ಸ್ ನೋಡಿದೆ, ಹಸಿರು ದೀಪ ಹಾಗೇ ಉರಿಯುತ್ತಿದೆ, ಕೆಂಪು ದೀಪ ಇಲ್ಲ. ರೂಮಿನಲ್ಲಿ ಗೆಸ್ಟ್ ನೋಡುತ್ತಿದ್ದ ಕ್ರಿಕೆಟ್ ಓಡುತ್ತಲೇ ಇದೆ. ಸ್ಪೀಕರ್‌ಗೆ ಹಾಡು ಹಾಕಿದ್ದ ಟ್ಯಾಬ್ ತೆಗೆದು ನೋಡಿದರೆ, ಆ್ಯಪಿನ ಕೆಳಗಡೆ ಒಂದು ಸಾಲಿನಲ್ಲಿ ಯಜಮಾನರ ಫೋನಿನ ಹೆಸರು ಬಂದಿತ್ತು. ಅವರಿಗೆ ಫೋನ್ ಮಾಡಿದೆ. ಚಿಕ್ಕಮಗಳೂರಿಗೆ ಹೊರಟು ಹಾಂದಿ ದಾಟಿದ್ದರು. ‘ಸಾರ್, ಕಾರಲ್ಲಿ ಹಾಡು ಹಾಕಿದ್ರಾ?’ ಎಂದೆ. ‘ಹೌದು, ಈಗ ತಾನೇ ಹಾಕಿದೆ’ ಎಂದರು. ನಾವು ಮನೆಯಲ್ಲಿ ಮತ್ತೆ ಪ್ಲೇ ಒತ್ತಿದೆವು. ಅವರ ಕಾರಿನಲ್ಲಿ ನಿಂತಿತು. ಅವರು ಒತ್ತಿದರು, ಇಲ್ಲಿ ನಿಂತಿತು. ಇಷ್ಟು ದಿನ ಆಗುತ್ತಿದ್ದದ್ದು ಇಷ್ಟೇ.

ಆ ಪ್ಲಾನ್‌ನಲ್ಲಿ ಒಂದು ಅಕೌಂಟ್‌ಗೆ ಒಂದು ಹೊತ್ತಿಗೆ ಒಂದೇ ಕಡೆ ಹಾಡು. ಎಷ್ಟು ಫೋನ್, ಟಿವಿಯಲ್ಲಿ ಬೇಕಾದರೂ ಲಾಗಿನ್ ಆಗಿರಬಹುದು, ಅದನ್ನು ಲೆಕ್ಕ ಇಡುವುದಿಲ್ಲ. ಲೆಕ್ಕ ಇಡುವುದು ಆ ಕ್ಷಣಕ್ಕೆ ಎಷ್ಟು ಕಡೆ ಓಡುತ್ತಿದೆ ಎಂಬುದನ್ನು. ಹಾಡು ಓಡುತ್ತಿರುವಾಗ ಆ್ಯಪ್ ಸುಮ್ಮನೆ ಇರುವುದಿಲ್ಲ. ‘ನಾನಿನ್ನೂ ಓಡುತ್ತಿದ್ದೇನೆ’ ಎಂದು ಆಗಾಗ ಕಂಪನಿಯ ಸರ್ವರ್‌ಗೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಅದೇ ಅಕೌಂಟಿನಿಂದ ಇನ್ನೊಂದು ಕಡೆ ಪ್ಲೇ ಒತ್ತಿದ ತಕ್ಷಣ ಸರ್ವರ್ ಹೊಸದಕ್ಕೆ ದಾರಿ ಕೊಟ್ಟು ಹಳೆಯದನ್ನು ನಿಲ್ಲಿಸುತ್ತದೆ. ಎರಡೂ ಒಂದೇ ವೈಫೈಯಲ್ಲಿವೆಯೋ, ಒಂದು ಮನೆಯಲ್ಲಿ ಇನ್ನೊಂದು ರಸ್ತೆಯಲ್ಲಿದೆಯೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಇದರಲ್ಲಿ ಸೇರುವುದಿಲ್ಲ. ಫೋನಿಗೆ ಬ್ಲೂಟೂತ್ ಹಚ್ಚಿದರೆ ಹಾಡುವುದು ಫೋನೇ, ಅದು ಒಂದೇ ಲೆಕ್ಕ.

ಸಿನಿಮಾ ಆ್ಯಪ್‌ಗಳಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗು. ಅಲ್ಲಿ ಮೊದಲು ನೋಡುತ್ತಿದ್ದವರಿಗೆ ಏನೂ ಆಗುವುದಿಲ್ಲ, ಹೊಸದಾಗಿ ಹಾಕಿದವರಿಗೆ ಬಾಗಿಲು ಮುಚ್ಚುತ್ತದೆ. ಬಣಕಲ್‌ನ ಒಬ್ಬರು ಅಕ್ಕ ಸಂಜೆ ಫೋನ್ ಮಾಡಿದರು. ನೆಟ್‌ಫ್ಲಿಕ್ಸ್‌ನಲ್ಲಿ ಅವರದು ಎರಡು ಸ್ಕ್ರೀನ್ ಪ್ಲಾನ್. ಹಾಲ್‌ನ ಟಿವಿಯಲ್ಲಿ ಒಂದು, ಮಗನ ಟ್ಯಾಬ್‌ನಲ್ಲಿ ಒಂದು ಓಡುತ್ತಿತ್ತು. ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ನಮ್ಮ ಬಾಕ್ಸ್ ಇದ್ದದ್ದರಿಂದ ನೆಟ್ ಉಳಿಯಿತು, ಟಿವಿ ಆರಿತು. ಉಳಿದದ್ದನ್ನು ಫೋನಿನಲ್ಲಿ ನೋಡೋಣ ಎಂದು ಹಾಕಿದರೆ `Too many people are using your account right now` ಎಂದು ಬಂತು. ‘ಟಿವಿ ಆರಿ ಹೋಗಿದೆ, ನೋಡ್ತಿರೋದು ಮಗ ಒಬ್ನೇ, ಅದು ಹೇಗೆ ಜಾಸ್ತಿ ಆಗುತ್ತೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ರಿಮೋಟ್‌ನಲ್ಲಿ ಬ್ಯಾಕ್ ಒತ್ತಿ ಹೊರಗೆ ಬಂದರೆ ಟಿವಿ ‘ನಾನು ನಿಲ್ಲಿಸಿದೆ’ ಎಂದು ಹೇಳಿ ಹೋಗುತ್ತದೆ. ಕರೆಂಟ್ ಹೋದರೆ ಅದಕ್ಕೆ ಹೇಳುವುದಕ್ಕೆ ಪುರುಸೊತ್ತೇ ಇಲ್ಲ. ಅದರ ಸುದ್ದಿ ಬಾರದೆ ಸ್ವಲ್ಪ ಹೊತ್ತು ಕಳೆದ ಮೇಲೆ ಮಾತ್ರ ಸರ್ವರ್ ಅದನ್ನು ಲೆಕ್ಕದಿಂದ ತೆಗೆಯುತ್ತದೆ. ಅಲ್ಲಿಯವರೆಗೆ ಆರಿದ ಟಿವಿಯೂ ಒಂದು ಸ್ಕ್ರೀನ್. ಅವರು ಕಾಫಿ ಮಾಡಿ ಬರುವಷ್ಟರಲ್ಲಿ ಫೋನಿನಲ್ಲಿ ಓಡಿತು. ನಮ್ಮ ಕಡೆ ಕರೆಂಟ್ ಹೋಗುವುದು ಹೇಗೆಂದು ನಿಮಗೆ ಹೇಳಬೇಕಾ? ಇಂಥ ಫೋನ್ ಜೂನ್‌ನಿಂದ ಆಗಸ್ಟ್‌ವರೆಗೆ ಜಾಸ್ತಿ.

ಈಗ ನಾವು ಪದೇ ಪದೇ ಕೇಳುತ್ತಿರುವ ಮಾತಿಗೆ ಬರುತ್ತೇನೆ. ‘ನೀವೇ ಲಿಮಿಟ್ ಹಾಕಿದ್ದೀರಿ. ದೊಡ್ಡ ಪ್ಲಾನ್ ತಗೊಳ್ಳಲಿ ಅಂತ ನೀವೇ ಮಾಡ್ತಿದ್ದೀರಿ.’ ಅಂಗಡಿ ಮುಂದೆ, ಮದುವೆ ಮನೆಯಲ್ಲಿ, ಸಂತೆಯಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿದೆ. ತುಂಬಾ ನೋವಾಗಿದೆ. ನಾವು ಮಾಡಿಲ್ಲ. ಮಾಡುವುದಕ್ಕೆ ಆಗುವುದೂ ಇಲ್ಲ. ನೀವು ಯಾವ ಅಕೌಂಟ್‌ನಲ್ಲಿದ್ದೀರಿ, ಯಾವ ಹಾಡು ಕೇಳುತ್ತಿದ್ದೀರಿ ಎಂಬುದು ನಮಗೆ ಕಾಣಿಸುವುದಿಲ್ಲ. ಆ್ಯಪ್ ಮತ್ತು ಅದರ ಸರ್ವರ್ ನಡುವೆ ಹೋಗುವುದೆಲ್ಲ ಬೀಗ ಹಾಕಿದ ಡಬ್ಬಿಯ ಹಾಗೆ ನಮ್ಮ ತಂತಿಯಲ್ಲಿ ಹೋಗುತ್ತದೆ. ಡಬ್ಬಿ ಎಷ್ಟು ದೊಡ್ಡದು, ಎಲ್ಲಿಗೆ ಹೊರಟಿದೆ ಎಂಬುದು ನಮಗೆ ಗೊತ್ತಾಗಬಹುದು. ಒಳಗೇನಿದೆ ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಯೋಚನೆ ಮಾಡಿ. ಆ ಮೆಸೇಜ್ ನಿಮ್ಮ ಪರದೆಗೆ ಬಂದದ್ದು ಹೇಗೆ? ಕಂಪನಿಯ ಸರ್ವರ್‌ನಿಂದ ನಮ್ಮ ತಂತಿಯ ಮೇಲೇ ಬಂತು. ನೆಟ್ ಹೋಗಿದ್ದರೆ ‘ಇಂಟರ್ನೆಟ್ ಇಲ್ಲ’ ಎಂದು ಬರುತ್ತಿತ್ತು, ಇಲ್ಲವೇ ಚಕ್ರ ತಿರುಗುತ್ತಾ ಕೂರುತ್ತಿತ್ತು. ‘ಅಕೌಂಟ್ ಬೇರೆ ಕಡೆ ಬಳಕೆಯಲ್ಲಿದೆ’ ಎಂದು ಬಂತು ಅಂದರೆ ನೆಟ್ ಇದೆ ಎಂದೇ ಅರ್ಥ, ಅಲ್ವಾ?

ಆದರೂ ನಂಬಿಕೆ ಬಾರದಿದ್ದರೆ ನೀವೇ ನೋಡಿ. ಮೆಸೇಜ್ ಬಂದ ಫೋನಿನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾ ಹಾಕಿ, ಅದೇ ಹಾಡು ಮತ್ತೆ ಒತ್ತಿ. ಮತ್ತೆ ಅದೇ ಜಗ್ಗಾಟ ಶುರುವಾದರೆ ನಮ್ಮ ಲೈನ್ ಅದರಲ್ಲಿ ಇಲ್ಲವೇ ಇಲ್ಲ. ಮೊಬೈಲ್ ಡೇಟಾದಲ್ಲಿ ಸರಿ ಹೋಗಿ ವೈಫೈಗೆ ಬಂದ ಕೂಡಲೇ ಕೆಡುತ್ತಿದ್ದರೆ, ದಯವಿಟ್ಟು ಫೋನ್ ಮಾಡಿ, ಅದು ನಮ್ಮ ಕೆಲಸ.

ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಹೋಂಸ್ಟೇಯಲ್ಲಿ ಕನೆಕ್ಷನ್ ಕೊಟ್ಟ ದಿನ, ಯಜಮಾನರಿಗೆ ಅನುಕೂಲವಾಗಲಿ ಎಂದು ನಮ್ಮ ಹುಡುಗ ಮೂರೂ ಟಿವಿಗೆ ಅವರದೇ ಅಕೌಂಟ್ ಹಾಕಿ ಬಂದಿದ್ದ. ರೂಮಿಗೆ ಬಂದವರು ಟಿವಿಯಲ್ಲಿ ಹಾಡು ಒತ್ತಿದಾಗಲೆಲ್ಲ ಯಜಮಾನರ ಫೋನಿನಲ್ಲಿ ನಿಲ್ಲುತ್ತಿತ್ತು. ಬೇರೆ ಮನೆಗಳಲ್ಲೂ ಹೀಗೆ ಮಾಡಿದ್ದೇವೆ. ಒಳ್ಳೆಯದಕ್ಕೆಂದೇ ಮಾಡಿದ್ದು, ಆದರೆ ತಪ್ಪು. ಕ್ಷಮೆ ಇರಲಿ. ಎರಡನೇ ಬದಲಾವಣೆ ತಂದದ್ದು ಇದಕ್ಕೇ. ನಿಮ್ಮ ಅಕೌಂಟ್ ಎಲ್ಲೆಲ್ಲಿ ಉಳಿದಿದೆಯೋ ಎಂದು ಅನುಮಾನ ಇದ್ದರೆ, ಸ್ಪಾಟಿಫೈ ವೆಬ್‌ಸೈಟಿನ ಅಕೌಂಟ್ ಪುಟದಲ್ಲಿ `Sign out everywhere` ಎಂದಿದೆ. ಅದನ್ನು ಒತ್ತಿ, ಪಾಸ್‌ವರ್ಡನ್ನೂ ಬದಲಿಸಿ, ಆಮೇಲೆ ಬೇಕಾದ ಫೋನಿಗೆ ಮಾತ್ರ ಹಾಕಿಕೊಳ್ಳಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಸ್ಪಾಟಿಫೈ ಅಕೌಂಟ್ ಸ್ವಂತ ಬಳಕೆಗೆ ಮಾತ್ರ ಎಂದು ಅವರ ನಿಯಮದಲ್ಲೇ ಇದೆ. ವ್ಯಾಪಾರದ ಜಾಗದಲ್ಲಿ ಎಲ್ಲರಿಗೂ ಹಾಕುವುದಕ್ಕೆ ಅಲ್ಲ. ಆದ್ದರಿಂದ ದೊಡ್ಡ ಪ್ಲಾನ್ ತಗೊಳ್ಳಿ ಎಂದು ನಾನು ಹೇಳುವುದಿಲ್ಲ. ಗೆಸ್ಟ್‌ಗಳು ತಮ್ಮ ಅಕೌಂಟ್ ತಾವೇ ಹಾಕಿಕೊಳ್ಳಲಿ, ರೂಮ್ ಬಿಡುವಾಗ ಅದನ್ನು ತೆಗೆಸಿ.

ಮನೆಯವರಿಗೆ ಫ್ಯಾಮಿಲಿ ಪ್ಲಾನ್ ದಾರಿ ಇದೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ, ಪ್ಲಾನ್ ತೆಗೆದುಕೊಂಡವರೂ ಸೇರಿ, ಒಂದೇ ಮನೆಯ 6 ಜನರಿಗೆ ಆಗುತ್ತದೆ. ಆದರೆ ತುಂಬಾ ಮನೆಗಳಲ್ಲಿ ನಾನು ಕಂಡ ತಪ್ಪು ಇದು. ಪ್ಲಾನ್ ತೆಗೆದುಕೊಂಡಿದ್ದಾರೆ, ಮಕ್ಕಳ ಫೋನಿನಲ್ಲಿ ಇನ್ನೂ ಅಪ್ಪನ ಲಾಗಿನ್ನೇ ಇದೆ. ಹಾಗಿದ್ದರೆ ಹಣ ಕೊಟ್ಟೂ ಜಗಳ ತಪ್ಪುವುದಿಲ್ಲ. ಒಬ್ಬೊಬ್ಬರನ್ನೂ ಅವರವರ ಅಕೌಂಟಿನಿಂದ ಸೇರಿಸಬೇಕು. ತೋಟದಲ್ಲಿ ಓಡಾಡುವವರು ಹಾಡು ಡೌನ್‌ಲೋಡ್ ಮಾಡಿಕೊಂಡು, ಆಫ್‌ಲೈನ್‌ನಲ್ಲಿ ಕೇಳಬಹುದು. ಆಗ ಫೋನ್ ಸರ್ವರ್‌ಗೆ ಸುದ್ದಿ ಕಳಿಸುವುದಿಲ್ಲ, ಮನೆಯ ಹಾಡೂ ನಿಲ್ಲುವುದಿಲ್ಲ. 30 ದಿನಕ್ಕೆ ಒಮ್ಮೆಯಾದರೂ ಆ ಫೋನ್ ನೆಟ್‌ಗೆ ಬಂದಿರಬೇಕು ಅಷ್ಟೇ.

ದುಡ್ಡಿನ ವಿಷಯ. ನೀವು ಕಟ್ಟುವ ಬಿಲ್‌ನಲ್ಲಿ ಶೇ 18 ಜಿಎಸ್‌ಟಿ ನಮ್ಮ ಕೈಗೆ ಉಳಿಯುವುದಲ್ಲ. ಉಳಿದದ್ದರಲ್ಲಿ ಬ್ಯಾಂಡ್‌ವಿಡ್ತ್ ಕೊಳ್ಳಬೇಕು, ಹುಡುಗರ ಸಂಬಳ ಕೊಡಬೇಕು. ಸಿಲ್ವರ್ ಮರ ಬಿದ್ದು ಕೇಬಲ್ ಹರಿದರೆ ಆ ರಾತ್ರಿಯೇ ಏಣಿ ಹಾಕಿ ಕಟ್ಟಬೇಕು. ಅದಕ್ಕೆ ಯಾರ ಹತ್ತಿರವೂ ಒಂದು ರೂಪಾಯಿ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಈ ಮಳೆಯಲ್ಲಿ ಲೈನ್ ಹೋದ ಎಲ್ಲ ಮನೆಗೂ ಮರುದಿನದೊಳಗೆ ನೆಟ್ ಕೊಟ್ಟಿದ್ದೇವೆ ಎಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ಹುಡುಗ ಲಿಮಿಟ್ ಮೆಸೇಜ್ ನೋಡುವುದಕ್ಕೆ ಘಾಟಿ ಕಡೆ ಹೋಗಿದ್ದಾಗ, ಜನ್ನಾಪುರದಲ್ಲಿ ನಿಜವಾಗಿ ಲೈನ್ ಹೋದ ಮನೆಯವರು ಸಂಜೆವರೆಗೆ ಕಾದರು. ಆ 150 ರೂಪಾಯಿ ಇರುವುದು ಇದು ಮತ್ತೆ ಆಗಬಾರದು ಎಂದು.

ಫೋನ್ ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ನಾನೇ ಎತ್ತುತ್ತೇನೆ. ವಯಸ್ಸಾದವರು, ಮೊಬೈಲ್ ಅಭ್ಯಾಸ ಇಲ್ಲದವರು ಒಬ್ಬರೇ ಇರುವ ಮನೆಗೆ ಈ ಚಾರ್ಜ್ ಇಲ್ಲ. ಅಂಥವರ ಮನೆಗೆ ಮೊದಲಿನ ಹಾಗೆಯೇ ಬರುತ್ತೇವೆ. ಕೊಟ್ಟಿಗೆಹಾರದ ಯಜಮಾನರಿಂದ ಬದಲಿಸಿದ ಬಾಕ್ಸ್‌ಗೆಂದು ತೆಗೆದುಕೊಂಡ ಹಣವನ್ನು ಮುಂದಿನ ಬಿಲ್‌ನಲ್ಲಿ ಕಳೆದಿದ್ದೇವೆ. ನಿಮ್ಮ ಮನೆಯಲ್ಲೂ ಇದೇ ಮೆಸೇಜ್‌ಗೆ ಬಾಕ್ಸ್ ಬದಲಿಸಿ ಹಣ ಪಡೆದಿದ್ದರೆ ರಸೀದಿ ತನ್ನಿ, ಅದನ್ನೂ ಕಳೆಯುತ್ತೇವೆ.

ಇಂತಿ,
ನಿಮ್ಮ ಕೇಬಲ್ ಮತ್ತು ಇಂಟರ್ನೆಟ್‌ನವರು,
ಮೂಡಿಗೆರೆ