ಗೇಮ್ ತಂಡಕ್ಕೆ ಕಲಾವಿದ ಗೆಳೆಯರಿಗೆ ಆಹ್ವಾನ

ಸದಸ್ಯರೆಲ್ಲರ ಸಮ್ಮುಖದಲ್ಲಿ, ನಮ್ಮ ಗುಂಪಿನ ಚಿತ್ರಕಲಾವಿದ ಗೆಳೆಯರೇ, ಯಕ್ಷಗಾನದ ವೇಷಗಳನ್ನು ಆಧರಿಸಿ ನಾವು ಬಿಡುವಿನಲ್ಲಿ ರೂಪಿಸುತ್ತಿರುವ ಗೇಮ್‌ನ ತಂಡಕ್ಕೆ ನಿಮ್ಮನ್ನು ಆದರದಿಂದ ಆಹ್ವಾನಿಸುತ್ತೇನೆ. ಸದ್ಯಕ್ಕೆ ಯಾರಿಗೂ ಸಂಬಳವಿಲ್ಲ. ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟೀಮ್ ಮಳಿಗೆಯು ಸಾಮಾನ್ಯವಾಗಿ ಮಾರಾಟದ ಶೇ. 30ರಷ್ಟನ್ನು ಇಟ್ಟುಕೊಳ್ಳುವುದರಿಂದ, ತೆರಿಗೆ ಮತ್ತು ಮರುಪಾವತಿ ಕಳೆದು 1,00,000 ರೂಪಾಯಿ ಬಂದರೆ ನಮಗೆ ಸಿಗುವುದು 70,000. ಅದರಲ್ಲಿ ಎಲ್ಲರೂ ಒಪ್ಪಿದ ಖರ್ಚು 10,000 ಎಂದಿಟ್ಟುಕೊಂಡರೆ, ಉಳಿದ 60,000ವನ್ನು ದಾಖಲಾದ ಗಂಟೆಗಳ ಅನುಪಾತದಲ್ಲಿ ಹಂಚುತ್ತೇವೆ, ಅಂದರೆ ಒಟ್ಟು 600 ಗಂಟೆಗಳಲ್ಲಿ 200 ನಿಮ್ಮದಾದರೆ ನಿಮ್ಮ ಪಾಲು 20,000. ಚಿತ್ರ ಬರೆದ ಗಂಟೆಗೂ ಕೋಡ್ ಬರೆದ ಗಂಟೆಗೂ ಒಂದೇ ಬೆಲೆ, ಇದರಲ್ಲಿ ನನಗೆ ರಾಜಿಯಿಲ್ಲ. ನಡುವೆ ತಂಡ ಬಿಟ್ಟರೂ ದುಡಿದ ಪಾಲು ನಿಮ್ಮದೇ, ಗೇಮ್ ಬಿಡುಗಡೆಯಾಗದಿದ್ದರೆ ಚಿತ್ರಗಳ ಹಕ್ಕೂ ನಿಮ್ಮದೇ ಎಂಬುದನ್ನು ಮೊದಲ ಚಿತ್ರಕ್ಕೆ ಮುನ್ನವೇ ಬರಹದಲ್ಲಿ ಇರಿಸಿ ಸಹಿ ಮಾಡೋಣ. ಆಸಕ್ತಿಯಿದ್ದರೆ ತಿಳಿಸಿ, ಕರಾರಿನ ಕರಡನ್ನು ಕಳುಹಿಸುತ್ತೇನೆ.